ಐದು ಸೂಚಕಗಳು, ಒಂದೇ ಸಾಕ್ಷ್ಯ

ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಊಟವಾದ ಮೇಲೆ ಕೇರಂ ಹಲಗೆಯ ಸುತ್ತ ಗುಂಪು ಸೇರುವುದು ಈಚೆಗೆ ಕಡಿಮೆಯಾಗಿದೆ. ಈಗ ಗುಂಪು ಸೇರುವುದು ಯಾರಾದರೊಬ್ಬರ ಮೊಬೈಲಿನ ಸುತ್ತ. ಅದರ ಪರದೆಯ ಮೇಲೆ ಷೇರು ದರಗಳ ನಕ್ಷೆ. ಅರ್ಥಶಾಸ್ತ್ರವನ್ನು ಓದುವವನೆಂಬ ಒಂದೇ ಕಾರಣಕ್ಕೆ ನನ್ನನ್ನೂ ಅಲ್ಲಿಗೆ ಕರೆಯುವುದುಂಟು. ಒಂದು ರಾತ್ರಿ ಸಹಪಾಠಿ ಮಿತ್ರರೊಬ್ಬರು ತಮ್ಮ ನಕ್ಷೆಯನ್ನು ತೋರಿಸಿದರು. ದರದ ಗೆರೆ ಮೇಲುಗಡೆ ಅಂಗುಲದಷ್ಟು ಜಾಗದಲ್ಲಿ ಮುದುಡಿಕೊಂಡಿತ್ತು. ಅದರ ಕೆಳಗೆ ಒಂದರಡಿಯಲ್ಲೊಂದು ಐದು ಪಟ್ಟಿಗಳು, ಪ್ರತಿಯೊಂದರಲ್ಲೂ ಒಂದೊಂದು ಬಣ್ಣದ ಅಲೆ. ದರ ಇಳಿದರೆ ಲಾಭ ಕೊಡುವ ‘ಪುಟ್’ ಆಪ್ಷನ್ ಒಂದನ್ನು ವಿದ್ಯಾರ್ಥಿವೇತನದ ಹಣದಿಂದ ಕೊಳ್ಳಬೇಕೆಂದು ಅವರ ಯೋಚನೆ. “ಐದೂ ಒಂದೇ ಮಾತು ಹೇಳ್ತಿವೆ ಕಣೋ, ಇನ್ನೇನು ಅನುಮಾನ?” ಎಂದರು.

ಆ ಒಂದು ವಾಕ್ಯವನ್ನು ಪರೀಕ್ಷಿಸುವುದಷ್ಟೇ ಈ ಲೇಖನದ ಉದ್ದೇಶ. ಷೇರು ವ್ಯಾಪಾರ ಮಾಡಬೇಕೆ, ಬಿಡಬೇಕೆ ಎಂಬುದು ಬೇರೆ ಚರ್ಚೆ. ಐದು ಸೂಚಕಗಳು ಒಂದೇ ಮಾತನ್ನು ಹೇಳಿದರೆ ಅದು ಐದು ಮಾತೇ, ಅಥವಾ ಒಂದೇ ಮಾತಿನ ಐದು ಪ್ರತಿಧ್ವನಿಗಳೇ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ಈ ಸೂಚಕಗಳೆಂದರೇನೆಂದು ತಿಳಿಯೋಣ. ಪೇಟೆಯಲ್ಲಿ ಒಂದು ಷೇರಿನ ವಿಷಯವಾಗಿ ಪ್ರತಿದಿನ ದಾಖಲಾಗುವ ದರಗಳು ನಾಲ್ಕು: ಆರಂಭದ ದರ, ದಿನದ ಗರಿಷ್ಠ ದರ, ಕನಿಷ್ಠ ದರ, ಮುಕ್ತಾಯದ ದರ. ಇವುಗಳ ಜೊತೆಗೆ ಎಷ್ಟು ಷೇರುಗಳು ಕೈ ಬದಲಾಯಿಸಿದವು ಎಂಬ ಒಂದು ಸಂಖ್ಯೆ. ದರ ಎಷ್ಟು ವೇಗವಾಗಿ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂಬುದನ್ನು ಈ ದರಗಳಿಂದ ಲೆಕ್ಕ ಹಾಕಿ ತೋರಿಸುವವು ಮೊಮೆಂಟಂ ಸೂಚಕಗಳು, ಕನ್ನಡದಲ್ಲಿ ವೇಗಸೂಚಕಗಳೆನ್ನೋಣ. ಇವುಗಳಲ್ಲಿ ಬಹು ಪ್ರಸಿದ್ಧವಾದ ಆರ್.ಎಸ್.ಐ. ಎಂಬುದನ್ನು ಅಮೆರಿಕದ ವೆಲ್ಸ್ ವೈಲ್ಡರ್ 1978ರ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. ಸ್ಟೋಕಾಸ್ಟಿಕ್ ಎಂಬುದು ಜಾರ್ಜ್ ಲೇನ್ ಅವರ ಹೆಸರಿನೊಡನೆ ಬಂದಿದೆ, ವಿಲಿಯಮ್ಸ್ ಸೂಚಕ ಲ್ಯಾರಿ ವಿಲಿಯಮ್ಸ್ ಅವರದು, ಸಿ.ಎಂ.ಒ. ಎಂಬುದು ತುಷಾರ್ ಚಾಂದೆ ಅವರದು. ಇವಲ್ಲದೆ ದರ ನೂರಕ್ಕೆ ಎಷ್ಟು ಬದಲಾಯಿತೆಂದು ತಿಳಿಸುವ ಆರ್.ಒ.ಸಿ. ಎಂಬ ಹಳೆಯ ಸರಳ ಲೆಕ್ಕವೂ ಉಂಟು. ನನ್ನ ಮಿತ್ರರ ಪರದೆಯಲ್ಲಿದ್ದ ಐದೂ ಇವೇ. ಹೆಸರುಗಳು ಬೇರೆ, ಕರ್ತೃಗಳು ಬೇರೆ, ಹುಟ್ಟಿದ ಕಾಲ ಬೇರೆ. ಆದುದರಿಂದಲೇ ಇವು ಒಂದಕ್ಕೊಂದು ಸಂಬಂಧವಿಲ್ಲದ ಐವರು ಸಾಕ್ಷಿಗಳೆಂಬ ಭ್ರಮೆ ಹುಟ್ಟುವುದು ಸಹಜ.

ಭ್ರಮೆ ಹೌದೋ ಅಲ್ಲವೋ ಎಂಬುದನ್ನು ಲೆಕ್ಕ ಮಾಡಿಯೇ ನೋಡಬೇಕು. ಅನುಕೂಲಕ್ಕಾಗಿ ನಾನೇ ಕಲ್ಪಿಸಿಕೊಂಡ ಒಂದು ಷೇರನ್ನು ತೆಗೆದುಕೊಳ್ಳುತ್ತೇನೆ. ಅದರ ಮುಕ್ತಾಯದ ದರ ಮೊದಲು 200 ರೂಪಾಯಿ. ಮುಂದಿನ ಹತ್ತು ದಿನಗಳ ಮುಕ್ತಾಯದ ದರಗಳು ಕ್ರಮವಾಗಿ 203, 202, 206, 208, 207, 211, 213, 212, 216, 218. ಈ ಹತ್ತು ದಿನಗಳಲ್ಲಿ ದರ ಮುಟ್ಟಿದ ಅತಿ ಕೆಳಗಿನ ಮಟ್ಟ 199, ಅತಿ ಮೇಲಿನ ಮಟ್ಟ 220 ಎಂದಿಟ್ಟುಕೊಳ್ಳೋಣ. ಕಾಗದ ಪೆನ್ಸಿಲು ಹಿಡಿದು ಕುಳಿತರೆ ಎಲ್ಲವೂ ಹತ್ತು ನಿಮಿಷದ ಕೆಲಸ.

ಆರ್.ಎಸ್.ಐ. ಕಂಡುಹಿಡಿಯಲು ಏರಿದ ದಿನಗಳ ಏರಿಕೆಯನ್ನೆಲ್ಲ ಒಂದು ಕಡೆ, ಇಳಿದ ದಿನಗಳ ಇಳಿತವನ್ನೆಲ್ಲ ಇನ್ನೊಂದು ಕಡೆ ಕೂಡಬೇಕು. ನಮ್ಮ ಷೇರಿನಲ್ಲಿ ಏರಿಕೆಗಳು 3, 4, 2, 4, 2, 4, 2; ಒಟ್ಟು 21. ಇಳಿತಗಳು ಒಂದೊಂದು ರೂಪಾಯಿಯಂತೆ ಮೂರು ದಿನ, ಒಟ್ಟು 3. ಏರಿಳಿತಗಳೆರಡೂ ಸೇರಿ ದರ ನಡೆದ ದಾರಿ 24 ರೂಪಾಯಿ. ಅದರಲ್ಲಿ ಏರಿಕೆಯ ಪಾಲು 21, ಅಂದರೆ ನೂರಕ್ಕೆ 87.5. ಇದೇ ಆರ್.ಎಸ್.ಐ. ವೈಲ್ಡರ್ ಅವರು ನೇರ ಸರಾಸರಿಯ ಬದಲು ಹಳೆಯ ದಿನಗಳ ಪ್ರಭಾವ ನಿಧಾನವಾಗಿ ಕರಗುವಂತಹ ಸರಾಸರಿಯನ್ನು ಬಳಸುವುದರಿಂದ ಮೊಬೈಲಿನಲ್ಲಿ ಕಾಣುವ ಅಂಕಿ ಇದಕ್ಕಿಂತ ಸ್ವಲ್ಪ ಬೇರೆಯಾಗಿರಬಹುದು. ಲೆಕ್ಕದ ತತ್ವ ಇದೇ. ಅಂಕಿ 70ನ್ನು ದಾಟಿದರೆ ಷೇರನ್ನು ಅತಿಯಾಗಿ ಕೊಂಡಿದ್ದಾರೆ, ದರ ಇನ್ನು ಇಳಿಯಬಹುದು ಎಂಬುದು ರೂಢಿಯ ಅರ್ಥ.

ಸಿ.ಎಂ.ಒ. ಮಾಡುವುದೇನು? ಅದೇ 21ರಿಂದ ಅದೇ 3ನ್ನು ಕಳೆದು, ಅದೇ 24ರಿಂದ ಭಾಗಿಸುತ್ತದೆ. 18ನ್ನು 24ರಿಂದ ಭಾಗಿಸಿದರೆ ನೂರಕ್ಕೆ 75. ಇದರ ಎಚ್ಚರಿಕೆಯ ಗೆರೆ 50. ನಮ್ಮ ಷೇರು ಇಲ್ಲಿಯೂ ಗೆರೆ ದಾಟಿದೆ. ಆದರೆ 87.5ನ್ನು ಎರಡರಿಂದ ಗುಣಿಸಿ 100 ಕಳೆದು ನೋಡಿ: ಬರುವುದು 75. ಇದು ಈ ದರಗಳಲ್ಲಿ ಮಾತ್ರ ನಡೆದ ಆಕಸ್ಮಿಕವಲ್ಲ. ನೇರವಾಗಿ ಕೂಡಿ ಲೆಕ್ಕ ಮಾಡಿದ ಆರ್.ಎಸ್.ಐ.ಗೂ ಅಷ್ಟೇ ದಿನಗಳ ಸಿ.ಎಂ.ಒ.ಗೂ ಇರುವ ಸಂಬಂಧ ಯಾವ ದರದಲ್ಲಿಯೂ, ಯಾವ ದಿನದಲ್ಲಿಯೂ ಇದೇ. ಒಂದೇ ಬಟ್ಟೆಯನ್ನು ಒಬ್ಬನು ಗಜದಲ್ಲಿ ಅಳೆದು ಹೇಳಿದ, ಇನ್ನೊಬ್ಬನು ಮೀಟರಿನಲ್ಲಿ ಅಳೆದು ಹೇಳಿದ. ಕೇಳಿದವನಿಗೆ ಎರಡು ಬಟ್ಟೆ ದೊರೆಯಲಿಲ್ಲ.

ಸ್ಟೋಕಾಸ್ಟಿಕ್ ಮತ್ತು ವಿಲಿಯಮ್ಸ್ ಸೂಚಕಗಳ ಜೋಡಿ ಇನ್ನೂ ಸ್ಪಷ್ಟ. ಹತ್ತು ದಿನಗಳ ಕನಿಷ್ಠ 199ಕ್ಕೂ ಗರಿಷ್ಠ 220ಕ್ಕೂ ನಡುವೆ 21 ರೂಪಾಯಿಯ ಅಂತರವಿದೆ. ಇಂದಿನ ದರ 218 ಕೆಳಗಿನಿಂದ 19 ರೂಪಾಯಿ ಎತ್ತರದಲ್ಲಿದೆ, ಅಂದರೆ ನೂರಕ್ಕೆ 90.5ರಷ್ಟು ಮೇಲೆ. ಇದು ಸ್ಟೋಕಾಸ್ಟಿಕ್, 80ರ ಮೇಲೆ ಹೋದರೆ ಎಚ್ಚರಿಕೆ. ವಿಲಿಯಮ್ಸ್ ಸೂಚಕ ಅದೇ ಅಂತರವನ್ನು ಮೇಲಿನಿಂದ ಕೆಳಕ್ಕೆ ಅಳೆಯುತ್ತದೆ. 220ರಿಂದ 218 ಎರಡು ರೂಪಾಯಿ ಕೆಳಗಿದೆ, ಅಂದರೆ ನೂರಕ್ಕೆ 9.5, ಕೆಳಕ್ಕೆ ಅಳೆದುದರಿಂದ ಮೈನಸ್ 9.5 ಎಂದು ಬರೆಯುತ್ತಾರೆ. ಇಲ್ಲಿ ಎಚ್ಚರಿಕೆಯ ಗೆರೆ ಮೈನಸ್ 20. ಬಾವಿಯ ನೀರು ತಳದಿಂದ 19 ಅಡಿ ಎತ್ತರಕ್ಕಿದೆ ಎಂದು ಒಬ್ಬನೂ, ಕಟ್ಟೆಯಿಂದ 2 ಅಡಿ ಕೆಳಗಿದೆ ಎಂದು ಇನ್ನೊಬ್ಬನೂ ಹೇಳಿದಂತಾಯಿತು. ಬಾವಿಯ ಆಳ 21 ಅಡಿಯೆಂದು ಗೊತ್ತಿರುವವನಿಗೆ ಎರಡನೆಯವನ ಮಾತಿನಿಂದ ಹೊಸದಾಗಿ ತಿಳಿದುದೇನೂ ಇಲ್ಲ. ಎಚ್ಚರಿಕೆಯ ಗೆರೆಗಳೂ, 80 ಮತ್ತು ಮೈನಸ್ 20, ಒಂದೇ ಸ್ಥಳದಲ್ಲಿಯೇ ಇವೆಯೆಂಬುದನ್ನು ವಾಚಕರು ಗಮನಿಸಬೇಕು. ಒಂದು ಗೆರೆ ದಾಟಿದ ಕ್ಷಣದಲ್ಲಿಯೇ ಇನ್ನೊಂದೂ ದಾಟುತ್ತದೆ. ದಾಟದೆ ಅದಕ್ಕೆ ಗತಿಯಿಲ್ಲ.

ಉಳಿದುದು ಆರ್.ಒ.ಸಿ. ಹತ್ತು ದಿನದ ಹಿಂದೆ 200 ಇದ್ದದ್ದು ಇಂದು 218; ನೂರಕ್ಕೆ 9ರಷ್ಟು ಏರಿಕೆ. ಇದು ಬೇರೆಯೇ ಲೆಕ್ಕವೆಂದು ತೋರುತ್ತದೆ. ಆದರೆ ಮೇಲಿನ 18ನ್ನು ಮತ್ತೊಮ್ಮೆ ನೋಡೋಣ. ಒಟ್ಟು ಏರಿಕೆ 21, ಒಟ್ಟು ಇಳಿತ 3, ವ್ಯತ್ಯಾಸ 18. ಇಂದಿನ ದರಕ್ಕೂ ಹತ್ತು ದಿನದ ಹಿಂದಿನ ದರಕ್ಕೂ ಇರುವ ವ್ಯತ್ಯಾಸವೂ 18. ಹಾಗೆಯೇ ಇರಲೇಬೇಕು: ಬೆಟ್ಟದ ಮೆಟ್ಟಿಲುಗಳಲ್ಲಿ 21 ಹತ್ತಿ ನಡುನಡುವೆ 3 ಇಳಿದವನು ಹೊರಟ ಜಾಗದಿಂದ 18 ಮೆಟ್ಟಿಲು ಮೇಲಿರುತ್ತಾನೆ. ಹಾಗಾದರೆ ಆರ್.ಎಸ್.ಐ., ಸಿ.ಎಂ.ಒ., ಆರ್.ಒ.ಸಿ. ಮೂರರ ಹೊಟ್ಟೆಯಲ್ಲಿಯೂ ಇರುವುದು ಒಂದೇ 18. ಆರ್.ಒ.ಸಿ. ಅದನ್ನು ಹೊರಟ ದರದಿಂದ ಭಾಗಿಸುತ್ತದೆ, ಮೊದಲಿನೆರಡು ನಡೆದ ದಾರಿಯಿಂದ ಭಾಗಿಸುತ್ತವೆ. ಪುಸ್ತಕಗಳಲ್ಲಿ ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹಂಚಿಬಿಡುವುದರಿಂದ ಈ ಮಾತು ಓದುವವನ ಕಣ್ಣಿಗೆ ಬೀಳುವುದಿಲ್ಲವೆಂದು ನನ್ನ ಅಭಿಪ್ರಾಯ.

ಭಾಜಕ ಬದಲಾದುದರಿಂದ ಅರ್ಥದಲ್ಲಿ ಏನೂ ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ನ್ಯಾಯವಾಗಿ ಹೇಳಬೇಕಾದರೆ, ನಿಧಾನವಾಗಿ ಆದರೆ ತಡೆಯಿಲ್ಲದೆ ಏರಿದ ಷೇರಿನಲ್ಲಿ ಆರ್.ಎಸ್.ಐ. ದೊಡ್ಡದಾಗಿಯೂ ಆರ್.ಒ.ಸಿ. ಚಿಕ್ಕದಾಗಿಯೂ ಇರಬಹುದು. ಸ್ಟೋಕಾಸ್ಟಿಕ್ ದಿನದ ಗರಿಷ್ಠ ಕನಿಷ್ಠಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಮಧ್ಯಾಹ್ನ ಒಂದು ಗಳಿಗೆ ದರ ಎದ್ದು ಬಿದ್ದುದೂ ಅದರಲ್ಲಿ ಸೇರುತ್ತದೆ. ಮುಕ್ತಾಯದ ದರವನ್ನು ಮಾತ್ರ ನೋಡುವ ಆರ್.ಎಸ್.ಐ.ಗೆ ಅದು ತಿಳಿಯದು. ಇವು ಸಣ್ಣ ವ್ಯತ್ಯಾಸಗಳು. ಬಲವಾದ ಏರಿಕೆಯ ಕಾಲದಲ್ಲಿ, ಅಂದರೆ ಜನರು ಸೂಚಕವನ್ನು ಕೇಳಲು ಓಡಿಬರುವ ಕಾಲದಲ್ಲಿಯೇ, ಅವು ಅಳಿಸಿಹೋಗುತ್ತವೆ.

ಇದರಿಂದ ಆಗುವ ಹಾನಿಯೇನು? ಹೆಚ್ಚಿಗೆ ನೋಡಿದರೆ ನಷ್ಟವೇನೆಂದು ಕೇಳಬಹುದು. ನಷ್ಟವಿರುವುದು ನಾವು ಒಮ್ಮತಕ್ಕೆ ಕೊಡುವ ಬೆಲೆಯಲ್ಲಿ. ಒಂದು ಸೂಚಕ ನೂರಕ್ಕೆ 60 ಸಲ ಸರಿಯಾಗಿ ಹೇಳುತ್ತದೆಂದು ಉದಾರವಾಗಿಯೇ ಒಪ್ಪಿಕೊಳ್ಳೋಣ. ಏರುವ ಇಳಿಯುವ ಸಂಭವಗಳು ಸಮವೆಂದೂ ಇಟ್ಟುಕೊಳ್ಳೋಣ. ನಿಜವಾಗಿಯೂ ಪರಸ್ಪರ ಸಂಬಂಧವಿಲ್ಲದ ಐದು ಸೂಚಕಗಳಿದ್ದರೆ, 10,000 ಸಂದರ್ಭಗಳಲ್ಲಿ ಐದೂ ಒಟ್ಟಿಗೆ ಸರಿಯಾಗುವುದು ಸುಮಾರು 778 ಸಲ, ಐದೂ ಒಟ್ಟಿಗೆ ತಪ್ಪುವುದು ಸುಮಾರು 102 ಸಲ. ಆದುದರಿಂದ ಐದೂ ಒಂದೇ ಮಾತು ಹೇಳಿದ 880 ಸಂದರ್ಭಗಳಲ್ಲಿ ಆ ಮಾತು ನಿಜವಾಗುವುದು ನೂರಕ್ಕೆ 88ರಷ್ಟು. ಇಂತಹ ಒಮ್ಮತಕ್ಕೆ ಹಣ ಹೂಡಲು ಧೈರ್ಯ ಬಂದರೆ ತಪ್ಪೇನಿಲ್ಲ. ಆದರೆ ಐದೂ ಒಂದೇ ಸೂಚಕದ ಐದು ವೇಷಗಳಾದರೆ? ಆಗ ಅವು ಪ್ರತಿ ಸಲವೂ ಒಮ್ಮತದಿಂದಲೇ ಇರುತ್ತವೆ, ಮತ್ತು ಸರಿಯಾಗುವುದು ಮೊದಲಿನ 60 ಸಲ ಮಾತ್ರ. ನೋಡುವವನ ಮನಸ್ಸಿನಲ್ಲಿರುವುದು 88ರ ಧೈರ್ಯ, ಕೈಯಲ್ಲಿರುವುದು 60ರ ಸಾಕ್ಷ್ಯ. ನಿಜವಾದ ಸೂಚಕಗಳು ಪೂರ್ಣ ಸ್ವತಂತ್ರವೂ ಅಲ್ಲ, ಪೂರ್ಣ ಒಂದೇ ಎಂದೂ ಅಲ್ಲ, ಎರಡರ ನಡುವೆ ಎಲ್ಲಿಯೋ ಇರುತ್ತವೆ. ಆದರೆ ಮೇಲಿನ ಐದು ಯಾವ ತುದಿಗೆ ಹತ್ತಿರವೆಂಬುದು ಲೆಕ್ಕದಲ್ಲಿಯೇ ತೋರಿಬಂದಿದೆ. ಪಣಕ್ಕೆ ಇಡುವ ಹಣವನ್ನು ನಿರ್ಧರಿಸುವುದು ಈ ಧೈರ್ಯವೇ ಆದುದರಿಂದ ಭೇದ ನೇರವಾಗಿ ಜೇಬಿಗೆ ತಗಲುತ್ತದೆ.

ಒಂದೇ ಮೂಲದ ಸಾಕ್ಷಿಗಳಿಗೆ ಇನ್ನೊಂದು ದೋಷವುಂಟು. ಅವು ತಪ್ಪುವಾಗಲೂ ಒಟ್ಟಿಗೇ ತಪ್ಪುತ್ತವೆ. ನಮ್ಮ ಷೇರನ್ನೇ ಇನ್ನೂ ಐದು ದಿನ ಮುಂದುವರಿಸೋಣ: 217, 221, 224, 223, 227. ಹತ್ತನೆಯ ದಿನ ಐದೂ ಪಟ್ಟಿಗಳನ್ನು ನಂಬಿ ಪುಟ್ ಕೊಂಡವನು ಈಗ 9 ರೂಪಾಯಿಯ ಏರಿಕೆಯನ್ನು ಎದುರು ನೋಡುತ್ತ ಕುಳಿತಿದ್ದಾನೆ. ಅವನು ಮತ್ತೆ ಸೂಚಕಗಳನ್ನು ಕೇಳುತ್ತಾನೆ. ಈಚಿನ ಹತ್ತು ದಿನಗಳಲ್ಲಿ ಏರಿಕೆ 23, ಇಳಿತ 3, ಆರ್.ಎಸ್.ಐ. 88.5. ಸಿ.ಎಂ.ಒ. ಸುಮಾರು 77. ಈ ಹತ್ತು ದಿನಗಳ ಕನಿಷ್ಠ 206, ಗರಿಷ್ಠ 229 ಆಗಿದ್ದರೆ ಸ್ಟೋಕಾಸ್ಟಿಕ್ 91, ವಿಲಿಯಮ್ಸ್ ಮೈನಸ್ 9. ಆರ್.ಒ.ಸಿ. 9.7. ಐದೂ ಮೊದಲಿಗಿಂತ ಗಟ್ಟಿಯಾಗಿ ಇಳಿಯುತ್ತದೆ, ಇಳಿಯುತ್ತದೆ ಎನ್ನುತ್ತಿವೆ. ಒಬ್ಬನಾದರೂ ಬೇರೆ ಮಾತಾಡಿದ್ದರೆ ಅವನು ಅನುಮಾನಪಟ್ಟು ಹೊರಬರುತ್ತಿದ್ದನೋ ಏನೋ. ಬಲವಾದ ಏರಿಕೆಯಲ್ಲಿ ವೇಗಸೂಚಕಗಳು ವಾರಗಟ್ಟಲೆ ಮೇಲಿನ ಗೆರೆಗೆ ಅಂಟಿಕೊಂಡಿರುವುದು ಸಾಮಾನ್ಯ ಸಂಗತಿ. ವೇಗ ಹೆಚ್ಚಿದೆ ಎಂದಷ್ಟೇ ಅವುಗಳಿಗೆ ಹೇಳಲು ಬರುತ್ತದೆ, ಇಳಿಯುತ್ತದೆ ಎಂಬುದನ್ನು ಸೇರಿಸುವವರು ನಾವು. ಆಪ್ಷನ್ನಿನ ವಿಷಯದಲ್ಲಂತೂ ಕಾಯುವುದಕ್ಕೂ ಬೆಲೆ ತೆರಬೇಕು, ಏಕೆಂದರೆ ಅವಧಿ ಮುಗಿಯುವ ದಿನ ಹತ್ತಿರ ಬಂದಂತೆಲ್ಲ ಅದರ ಮೌಲ್ಯ ಸವೆಯುತ್ತದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರೆಂದು ಸೆಬಿ ಸಂಸ್ಥೆ 2024ರಲ್ಲಿ ಪ್ರಕಟಿಸಿತು. ಅದಕ್ಕೆಲ್ಲ ಸೂಚಕಗಳೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಹುಸಿ ಧೈರ್ಯವನ್ನು ಇಟ್ಟುಕೊಂಡು ಇಳಿಯುವ ಜಾಗ ಅದಲ್ಲವೆಂಬುದಂತೂ ಸ್ಪಷ್ಟ.

ಇದುವರೆಗೆ ಐದೂ ಸೂಚಕಗಳಿಗೆ ಹತ್ತು ದಿನವೆಂಬ ಒಂದೇ ಅವಧಿಯನ್ನು ಕೊಟ್ಟೆವು. ಮೊಬೈಲಿನಲ್ಲಿ ಹಾಗಿರುವುದಿಲ್ಲ. ಆರ್.ಎಸ್.ಐ.ಗೆ 14 ದಿನ ರೂಢಿ. ಬಹಳ ಜನ ಸೇರಿಸಿಕೊಳ್ಳುವ ಎಂ.ಎ.ಸಿ.ಡಿ. ಎಂಬ ಇನ್ನೊಂದು ಸೂಚಕ 12 ದಿನಗಳ ಸರಾಸರಿಯಿಂದ 26 ದಿನಗಳ ಸರಾಸರಿಯನ್ನು ಕಳೆದುದು. ಆಗ ಸೂಚಕಗಳು ಜಗಳವಾಡಲು ಆರಂಭಿಸುತ್ತವೆ: ಒಂದು ಮಾರು ಎಂದರೆ ಇನ್ನೊಂದು ಕಾದಿರು ಎನ್ನುತ್ತದೆ. ನೋಡುವವನು ಇದನ್ನು ಅಭಿಪ್ರಾಯಭೇದವೆಂದು ತಿಳಿದು, ಯಾರ ಮಾತು ಹಿಡಿಯಲೆಂದು ತೊಳಲಾಡುತ್ತಾನೆ. ವಾಸ್ತವವಾಗಿ ಅಲ್ಲಿ ಭೇದವೇ ಇಲ್ಲ. ಒಂದನ್ನು ಕಳೆದ ಎರಡು ಮೂರು ವಾರಗಳ ಬಗ್ಗೆ ಕೇಳಲಾಗಿದೆ, ಇನ್ನೊಂದನ್ನು ಒಂದು ತಿಂಗಳಿಗೂ ಹೆಚ್ಚಿನ ಕಾಲದ ಬಗ್ಗೆ. ಪ್ರಶ್ನೆಗಳು ಬೇರೆಯಾದುದರಿಂದ ಉತ್ತರಗಳು ಬೇರೆ. ಎಷ್ಟು ದಿನ ಷೇರನ್ನು ಇಟ್ಟುಕೊಳ್ಳುವೆನೆಂದು ಮೊದಲೇ ನಿಶ್ಚಯಿಸಿದವನಿಗೆ ಅದರಲ್ಲಿ ಒಂದು ಉತ್ತರವೇ ಬೇಕಾಗಿಲ್ಲ. ನಿಶ್ಚಯಿಸದವನಿಗೋ, ಐದಾರು ಪಟ್ಟಿಗಳಲ್ಲಿ ತನ್ನ ಆಸೆಗೆ ಒಪ್ಪುವ ಒಂದಾದರೂ ಸದಾ ದೊರೆಯುತ್ತದೆ. ನನ್ನ ಮಿತ್ರರು ಒಂದು ವಾರ ಒಂದು ಪಟ್ಟಿಯನ್ನೂ ಮರುವಾರ ಇನ್ನೊಂದು ಪಟ್ಟಿಯನ್ನೂ ಬೆರಳಿನಿಂದ ತೋರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ತನ್ನ ಪರದೆಯಲ್ಲಿರುವವು ಒಂದೇ ಮಾತಿನ ಪುನರುಕ್ತಿಗಳೋ ಅಲ್ಲವೋ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ನಮ್ಮ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿಸುವ ಸಹಸಂಬಂಧದ ಗುಣಾಂಕವೇ ಇಲ್ಲಿ ಸಾಕು. ಪೇಟೆ ವರ್ಷಕ್ಕೆ ಸುಮಾರು 250 ದಿನ ತೆರೆದಿರುತ್ತದೆ. ಒಂದು ವರ್ಷದ ಅಂಕಿಗಳನ್ನು ಲೆಕ್ಕದ ಹಾಳೆಯಲ್ಲಿ, ಒಂದು ಸೂಚಕಕ್ಕೆ ಒಂದು ಕಂಬದಂತೆ, ಇಳಿಸಿಕೊಂಡು ಹೀಗೆ ಬರೆಯಬೇಕು:

```
=CORREL(B2:B251,C2:C251)
```

ಉತ್ತರ ಒಂದಕ್ಕೆ ಹತ್ತಿರವಾದಷ್ಟೂ ಎರಡನೆಯ ಕಂಬ ದಂಡ. ಒಂದೇ ಅವಧಿಯ ಸ್ಟೋಕಾಸ್ಟಿಕ್ ಮತ್ತು ವಿಲಿಯಮ್ಸ್‌ಗಳನ್ನು, ಸ್ಟೋಕಾಸ್ಟಿಕ್ ಅನ್ನು ಸರಾಸರಿಯಿಂದ ನಯಗೊಳಿಸದೆ, ಇಟ್ಟು ನೋಡಿದರೆ ಉತ್ತರ ನಿಖರವಾಗಿ 1 ಬರುತ್ತದೆ. ಲೆಕ್ಕದ ಹಾಳೆಯ ಗೋಜು ಬೇಡವೆನ್ನುವವರಿಗೆ ಇನ್ನೂ ಸುಲಭವಾದ ಉಪಾಯವಿದೆ. ಹಿಂದೆ ತಾವು ಮಾಡಿದ ಇಪ್ಪತ್ತು ತೀರ್ಮಾನಗಳ ನಕ್ಷೆಗಳನ್ನು ತೆರೆದು, ಒಂದು ಪಟ್ಟಿಯನ್ನು ಕಾಗದದಿಂದ ಮುಚ್ಚಿ, ಅದು ಕಾಣದಿದ್ದರೆ ಯಾವ ತೀರ್ಮಾನ ಬದಲಾಗುತ್ತಿತ್ತೆಂದು ಕೇಳಿಕೊಳ್ಳುವುದು. ಒಂದೂ ಬದಲಾಗದಿದ್ದರೆ ಆ ಪಟ್ಟಿ ಜಾಗವನ್ನು ತಿಂದಿತೇ ಹೊರತು ಕೆಲಸ ಮಾಡಲಿಲ್ಲ.

ಈ ಎಚ್ಚರಿಕೆ ನನ್ನ ಸ್ವಂತದ್ದೇನೂ ಅಲ್ಲ. ದರದ ಸುತ್ತ ಪಟ್ಟೆಗಳನ್ನು ಎಳೆಯುವ ವಿಧಾನದಿಂದ ಪ್ರಸಿದ್ಧರಾದ ಜಾನ್ ಬೊಲಿಂಜರ್ ತಮ್ಮ ವಿಧಾನದ ನಿಯಮಗಳಲ್ಲಿಯೇ ಇದನ್ನು ಸೇರಿಸಿದ್ದಾರೆ: ಜೊತೆಗೆ ಬಳಸುವ ಸೂಚಕಗಳು ಒಂದಕ್ಕೊಂದು ನೇರವಾಗಿ ಸಂಬಂಧಿಸಿರಬಾರದು, ವೇಗಸೂಚಕವೊಂದಕ್ಕೆ ವ್ಯಾಪಾರದ ಮೊತ್ತದ ಸೂಚಕವೊಂದು ಜೊತೆಯಾದೀತು, ಎರಡು ವೇಗಸೂಚಕಗಳಿಂದ ಒಂದಕ್ಕಿಂತ ಹೆಚ್ಚೇನೂ ಬಾರದು ಎಂಬುದು ಅವರ ಅಭಿಪ್ರಾಯ.

ವ್ಯಾಪಾರದ ಮೊತ್ತವೇ ಏಕೆ? ಅದು ದರದಿಂದ ಲೆಕ್ಕ ಹಾಕಿ ಪಡೆದುದಲ್ಲ, ಪೇಟೆಯಲ್ಲಿ ಬೇರೆಯಾಗಿಯೇ ಎಣಿಸಿದುದು. ನಮ್ಮ ಕಲ್ಪಿತ ಷೇರಿನ 218 ರೂಪಾಯಿ ದಿನಕ್ಕೆ ಎರಡು ಲಕ್ಷ ಷೇರುಗಳು ಕೈ ಬದಲಾಯಿಸಿ ಬಂದುದೋ, ಇಪ್ಪತ್ತು ಸಾವಿರ ಮಾತ್ರ ಬದಲಾಯಿಸಿ ಬಂದುದೋ ಎಂಬುದನ್ನು ಆ ಐದು ಸೂಚಕಗಳನ್ನು ಎಷ್ಟು ಹಿಂಡಿದರೂ ತಿಳಿಯಲಾಗದು. ಹಾಗೆ ಕೈ ಬದಲಾಯಿಸಿದ ಷೇರುಗಳಲ್ಲಿ ಎಷ್ಟನ್ನು ಜನ ಅದೇ ದಿನ ಮಾರಿಬಿಡದೆ ನಿಜವಾಗಿ ಪಡೆದುಕೊಂಡರೆಂಬ ಅಂಕಿಯನ್ನೂ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ದಿನವೂ ಪ್ರಕಟಿಸುತ್ತದೆ. ಐದು ಪಟ್ಟಿ ತುಂಬಿದ ಪರದೆಯಲ್ಲಿ ಅದಕ್ಕೆ ಜಾಗವಿಲ್ಲದಿರುವುದು ವಿಚಿತ್ರ. ಇಲ್ಲಿಯೂ ಹೆಸರು ನೋಡಿ ಮೋಸಹೋಗಬಾರದು. ಎಂ.ಎಫ್.ಐ. ಎಂಬುದನ್ನು ವ್ಯಾಪಾರದ ಮೊತ್ತದ ಸೂಚಕವೆಂದು ಕರೆಯುವುದುಂಟು. ಬಿಚ್ಚಿ ನೋಡಿದರೆ ಅದು ದಿನದಿನದ ವ್ಯಾಪಾರದ ಹಣವನ್ನು ತೂಕವಾಗಿ ಕಟ್ಟಿಕೊಂಡ ಆರ್.ಎಸ್.ಐ. ಮಾದರಿಯ ಲೆಕ್ಕವೇ. ಅರ್ಧ ಹೊಸದು, ಅರ್ಧ ಹಳೆಯದು.

ಒಂದು ವೇಗಸೂಚಕವನ್ನೂ ಒಂದು ಮೊತ್ತದ ಅಂಕಿಯನ್ನೂ ಇಟ್ಟುಕೊಂಡವನು ಗೆಲ್ಲುತ್ತಾನೆಂದು ಈ ಲೆಕ್ಕದಿಂದ ಸಿದ್ಧವಾಗುವುದಿಲ್ಲ. ಎರಡೂ ದುರ್ಬಲ ಸಾಕ್ಷಿಗಳೇ ಆಗಿರಬಹುದು. ಆದರೆ ಅವೆರಡೂ ಒಪ್ಪಿದಾಗ ಇಬ್ಬರು ಒಪ್ಪಿದರೆಂದು ಎಣಿಸಬಹುದು, ಒಪ್ಪದಿದ್ದಾಗ ಏಕೆ ಒಪ್ಪಲಿಲ್ಲವೆಂದು ಹುಡುಕಲು ಒಂದು ಕಾರಣವಿರುತ್ತದೆ. ದರ ಏರುತ್ತಿದೆ, ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ಪೇಟೆಯ ಬಗ್ಗೆ ಒಂದು ಸಂಗತಿ. 14 ದಿನದ ಗೆರೆ ಬಾಗಿದೆ, 26 ದಿನದ ಗೆರೆ ಬಾಗಿಲ್ಲ ಎಂಬುದು ಗೆರೆಗಳ ಬಗ್ಗೆ ಮಾತ್ರ.